ಇಬ್ಬರಿಗೂ 5ಕ್ಕೆ 3: ಎಫ್‌ಎ, ಎಸ್‌ಎ ಬಗ್ಗೆ ಪೋಷಕರಿಗೆ ಒಂದು ಪತ್ರ

6ನೇ ತರಗತಿಯ ಎಲ್ಲ ಪೋಷಕರಿಗೆ ನಮಸ್ಕಾರ.

ಹೋದ ಶನಿವಾರದ ಸಭೆಯಲ್ಲಿ ಒಬ್ಬ ತಾಯಿ ಮಗಳ ನೋಟ್‌ಬುಕ್ ಹಿಡಿದು ಎದ್ದು ನಿಂತರು. "ಟೀಚರ್, ಐದು ಲೆಕ್ಕ ಕೊಟ್ಟಿದ್ದೀರ. ಎರಡು ತಪ್ಪಾಗಿದೆ ಅಂತ ನನಗೂ ಕಾಣುತ್ತೆ. ಆದ್ರೆ ಮಾರ್ಕ್ಸೇ ಹಾಕಿಲ್ವಲ್ಲ? ಇದು ಎಫ್‌ಎಗೆ ಸೇರುತ್ತೋ, ಎಸ್‌ಎಗೋ?" ಅಂತ ಕೇಳಿದರು. ಹಿಂದೆ ಕೂತಿದ್ದ ಒಬ್ಬರು, "ಎರಡೂ ಪರೀಕ್ಷೆನೇ ಅಲ್ವಾ, ಒಂದು ಸಣ್ಣದು, ಇನ್ನೊಂದು ದೊಡ್ಡದು" ಅಂದರು. ಅಷ್ಟು ಹೊತ್ತಿಗೆ ಅರೇಹಳ್ಳಿ ಬಸ್ಸು ಬಂತು, ಅರ್ಧ ಜನ ಎದ್ದರು. ನಾನು ಏನೋ ಎರಡು ಮಾತು ಹೇಳಿ ಮುಗಿಸಿದೆ. ಅದು ಸರಿಯಾದ ಉತ್ತರ ಆಗಿರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಕಾಫಿ ಕೆಲಸ ಮುಗಿದ ಮೇಲೆ ಸಾವಕಾಶವಾಗಿ ಓದಿ.

ಎರಡು ಹೆಸರುಗಳ ಅರ್ಥ

ಎಫ್‌ಎ ಅಂದರೆ ರೂಪಣಾತ್ಮಕ ಮೌಲ್ಯಮಾಪನ. ಎಸ್‌ಎ ಅಂದರೆ ಸಂಕಲನಾತ್ಮಕ ಮೌಲ್ಯಮಾಪನ. ಹೆಸರು ಕೇಳಿದರೆ ನಾಲಿಗೆ ತಿರುಗುವುದಿಲ್ಲ, ನಿಜ. ಆದರೆ ಅರ್ಥ ಆ ಪದಗಳ ಒಳಗೇ ಇದೆ. ರೂಪಣೆ ಅಂದರೆ ರೂಪ ಕೊಡುವುದು. ಸಂಕಲನ ಅಂದರೆ ಕೂಡುವುದು, ನಾವು ಶಾಲೆಯಲ್ಲಿ ಕಲಿತ ಸಂಕಲನ, ವ್ಯವಕಲನದ ಅದೇ ಸಂಕಲನ. ಕಲಿಕೆ ಇನ್ನೂ ನಡೆಯುತ್ತಿರುವಾಗ, ಅದಕ್ಕೆ ರೂಪ ಕೊಡಲು ನೋಡುವುದು ಮೊದಲನೆಯದು. ಒಂದು ಹಂತ ಮುಗಿದ ಮೇಲೆ, ಒಟ್ಟು ಎಷ್ಟಾಯಿತು ಅಂತ ಕೂಡಿ ಹೇಳುವುದು ಎರಡನೆಯದು.

ಈ ಎರಡು ಪದಗಳನ್ನು 1967ರಲ್ಲಿ ಬಳಕೆಗೆ ತಂದವರು ಮೈಕೇಲ್ ಸ್ಕ್ರಿವೆನ್. ಅವರು ಹೇಳುತ್ತಿದ್ದದ್ದು ಮಕ್ಕಳ ಪರೀಕ್ಷೆಯ ಬಗ್ಗೆ ಅಲ್ಲ, ಪಠ್ಯಕ್ರಮಗಳ ಬಗ್ಗೆ. ಪಠ್ಯವನ್ನು ಇನ್ನೂ ತಯಾರಿಸುತ್ತಿರುವಾಗ ತಿದ್ದಲು ನೋಡುವುದು ಬೇರೆ, ತಯಾರಾದ ಮೇಲೆ ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಮಾನ ಹೇಳುವುದು ಬೇರೆ ಅನ್ನುವುದು ಅವರ ಮಾತು. ಅದನ್ನು ಮಕ್ಕಳ ಕಲಿಕೆಗೆ ತಂದವರು ಬೆಂಜಮಿನ್ ಬ್ಲೂಮ್. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್, ಮಗುವಿಗೆ ಎಷ್ಟು ಅರ್ಥವಾಗಿದೆ ಅನ್ನುವುದನ್ನು ಸಮಗ್ರವಾಗಿ, ನಿರಂತರವಾಗಿ ನೋಡಬೇಕು ಅನ್ನುತ್ತದೆ. ನಮ್ಮ ರಾಜ್ಯದ ಎಫ್‌ಎ, ಎಸ್‌ಎ ಪದ್ಧತಿ ಇದೇ ದಾರಿಯದು.

ಕಣದಲ್ಲಿರುವ ಕಾಫಿ, ಚೀಲ ಸೇರಿದ ಕಾಫಿ

ಈಗ ನಿಮ್ಮೆಲ್ಲರ ಮನೆ ಮುಂದೆ ಕಣದಲ್ಲಿ ಕಾಫಿ ಒಣಗುತ್ತಿದೆ. ಬೆಳಿಗ್ಗೆ ಹರಡುತ್ತೀರಿ, ಗಂಟೆಗೊಮ್ಮೆ ಕೈಯಾಡಿಸುತ್ತೀರಿ, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚುತ್ತೀರಿ. ನಡುವೆ ಒಂದು ಹಿಡಿ ಚೆರ್ರಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತೀರಿ. ಗಲಗಲ ಅಂದರೆ ಒಣಗಿದೆ, ಮೆತ್ತಗಿದ್ದರೆ ಇನ್ನೂ ಎರಡು ದಿನ ಬಿಸಿಲು ಬೇಕು. ಒಂದು ಮೂಲೆ ಹಸಿ ಇದ್ದರೆ ಆ ಮೂಲೆಯನ್ನೇ ತೆಳ್ಳಗೆ ಹರಡುತ್ತೀರಿ. ಹೀಗೆ ಅಲ್ಲಾಡಿಸಿ ನೋಡಿದ್ದಕ್ಕೆ ಯಾರೂ ಮಾರ್ಕ್ಸ್ ಕೊಡುವುದಿಲ್ಲ. ನೋಡಿದ ತಕ್ಷಣ ಏನೋ ಒಂದು ಮಾಡುತ್ತೀರಿ. ಅದು ರೂಪಣಾತ್ಮಕ.

ಆಮೇಲೆ ಚೀಲ ಕಟ್ಟಿ ವ್ಯಾಪಾರಿ ಹತ್ತಿರ ಹೋಗುತ್ತದೆ. ಅವನು ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಕ ಮಾಡಿ "ಓಟಿ 26" ಅನ್ನುತ್ತಾನೆ. 50 ಕೆಜಿ ಚೀಲಕ್ಕೆ 26 ಕೆಜಿ ಬೀಜ ಅಂತ. ಅಲ್ಲಿಗೆ ಮುಗಿಯಿತು. ಆ ಸಂಖ್ಯೆ ಮೇಲೆ ರೇಟು ನಿಂತಿದೆ, ಆದ್ದರಿಂದ ಅದು ಬೇಕೇ ಬೇಕು. ಆದರೆ 26 ಯಾಕೆ ಬಂತು ಅಂತ ಆ ಸಂಖ್ಯೆ ಹೇಳುವುದಿಲ್ಲ. ಗೊಬ್ಬರ ಕಡಿಮೆ ಆಯಿತೋ, ಬೋರರ್ ಹೊಡೆಯಿತೋ, ಕಾಯಿ ಹಣ್ಣಾಗುವ ಮೊದಲೇ ಕೊಯ್ದದ್ದೋ? ಗೊತ್ತಾದರೂ ಆ ಚೀಲಕ್ಕೆ ಇನ್ನು ಏನೂ ಮಾಡಲಾಗದು. ಅದು ಸಂಕಲನಾತ್ಮಕ.

ಇಲ್ಲೊಂದು ವಿಷಯ ಗಮನಿಸಿ. ಎರಡು ಕಡೆಯೂ ಅದೇ ಕಾಫಿ, ಒಂದು ಹಿಡಿ ತೆಗೆದು ನೋಡುವುದೂ ಒಂದೇ. ನೋಡಿದ್ದನ್ನು ಯಾವುದಕ್ಕೆ ಬಳಸುತ್ತೇವೆ ಅನ್ನುವುದರಲ್ಲಿ ವ್ಯತ್ಯಾಸ ಇದೆ. ಹಾಗಾಗಿ "ಸಣ್ಣ ಪರೀಕ್ಷೆ, ದೊಡ್ಡ ಪರೀಕ್ಷೆ" ಅನ್ನುವ ಲೆಕ್ಕ ಪೂರ್ತಿ ಸರಿ ಅಲ್ಲ. 5 ಮಾರ್ಕ್ಸಿನ ಪರೀಕ್ಷೆ ಮಾಡಿ, ಮಾರ್ಕ್ಸ್ ಬರೆದುಕೊಂಡು, ಮರುದಿನ ಮುಂದಿನ ಪಾಠಕ್ಕೆ ಹೋದರೆ ಅದು ಸಣ್ಣದಾದರೂ ಸಂಕಲನಾತ್ಮಕವೇ.

ಐದು ಜೋಡಿ, ಇಬ್ಬರು ಮಕ್ಕಳು

ಈಗ ಆ ನೋಟ್‌ಬುಕ್ ವಿಷಯ. ದಶಮಾಂಶದ ಪಾಠದ ನಡುವೆ ಒಂದು ದಿನ ಐದು ಜೋಡಿ ಸಂಖ್ಯೆ ಬರೆದು, ಪ್ರತಿ ಜೋಡಿಯಲ್ಲಿ ದೊಡ್ಡದಕ್ಕೆ ಸುತ್ತು ಹಾಕಿ ಅಂದೆ. ಹತ್ತು ನಿಮಿಷದ ಕೆಲಸ. ಜೋಡಿಗಳು ಇವು:

1) 0.6 ಮತ್ತು 0.45
2) 2.35 ಮತ್ತು 2.8
3) 0.75 ಮತ್ತು 0.5
4) 4.62 ಮತ್ತು 4.3
5) 3.7 ಮತ್ತು 3.2

ಸರಿಯುತ್ತರ 0.6, 2.8, 0.75, 4.62, 3.7. ನೀವೂ ಒಮ್ಮೆ ನೋಡಿಕೊಳ್ಳಿ.

ಕಿಟಕಿ ಪಕ್ಕದ ಹುಡುಗ ಮೊದಲ ಎರಡು ತಪ್ಪು ಮಾಡಿದ್ದ, ಉಳಿದ ಮೂರು ಸರಿ. ಮುಂದಿನ ಬೆಂಚಿನ ಹುಡುಗಿ ಮೂರನೆಯದು, ನಾಲ್ಕನೆಯದು ತಪ್ಪು ಮಾಡಿದ್ದಳು, ಉಳಿದ ಮೂರು ಸರಿ. ಮಾರ್ಕ್ಸ್ ಹಾಕಿದ್ದರೆ ಇಬ್ಬರಿಗೂ 5ಕ್ಕೆ 3. ಶೇಕಡಾ 60. ನಮ್ಮ ಗ್ರೇಡ್ ಲೆಕ್ಕದಲ್ಲಿ ಇಬ್ಬರೂ ಬಿ+. ಪ್ರಗತಿ ಪತ್ರದಲ್ಲಿ ಅಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗೆ ಕಾಣುತ್ತಿದ್ದರು.

ಆದರೆ ಇಬ್ಬರ ತಲೆಯಲ್ಲಿದ್ದದ್ದು ಒಂದಕ್ಕೊಂದು ಪೂರಾ ಉಲ್ಟಾ.

ಹುಡುಗನ ಪ್ರಕಾರ ಚುಕ್ಕೆಯ ಬಲಗಡೆ ಇರುವುದೂ ಮಾಮೂಲಿ ಸಂಖ್ಯೆ. 45 ದೊಡ್ಡದು, 6 ಸಣ್ಣದು, ಆದ್ದರಿಂದ 0.45 ದೊಡ್ಡದು. ಅವನಿಗೆ ಅಂಕಿ ಜಾಸ್ತಿ ಇದ್ದದ್ದೆಲ್ಲ ದೊಡ್ಡದು. ಹುಡುಗಿಗೆ ಅಂಕಿ ಜಾಸ್ತಿ ಇದ್ದದ್ದೆಲ್ಲ ಸಣ್ಣದು. ಅವಳು ಪಾಠವನ್ನು ಚೆನ್ನಾಗಿಯೇ ಕೇಳಿಸಿಕೊಂಡಿದ್ದಳು. ಒಂದನ್ನು ಹತ್ತು ಪಾಲು ಮಾಡಿದರೆ ದಶಾಂಶ, ನೂರು ಪಾಲು ಮಾಡಿದರೆ ಶತಾಂಶ, ಶತಾಂಶದ ಚೂರು ದಶಾಂಶಕ್ಕಿಂತ ಸಣ್ಣದು. ಇದು ಸರಿ. ಆದರೆ ಚೂರು ಸಣ್ಣದು ಅನ್ನುವಲ್ಲಿಗೇ ನಿಂತಳು. ಎಷ್ಟು ಚೂರು ಇವೆ ಅಂತ ಎಣಿಸಲಿಲ್ಲ. 0.75ರಲ್ಲಿ ಶತಾಂಶ ಇದೆ, ಆದ್ದರಿಂದ 0.5ಕ್ಕಿಂತ ಸಣ್ಣದು ಅಂದುಬಿಟ್ಟಳು.

ಐದನೇ ಜೋಡಿಯಲ್ಲಿ ಎರಡೂ ಕಡೆ ಒಂದೊಂದೇ ಅಂಕಿ. ಅಲ್ಲಿ ಯಾವ ತಪ್ಪು ನಿಯಮಕ್ಕೂ ಕೆಲಸ ಇಲ್ಲ, ಎಲ್ಲರೂ ಪಾಸ್. ಅದನ್ನು ಬೇಕಂತಲೇ ಸೇರಿಸಿದ್ದೆ. ಅದೂ ತಪ್ಪಿದರೆ ಮಗುವಿಗೆ ತೊಂದರೆ ಬೇರೇನೋ ಇದೆ ಅಂತ ಅರ್ಥ. ಮೊದಲ ಎರಡು ಜೋಡಿ ಹುಡುಗನ ಥರದ ತಪ್ಪು ಹಿಡಿಯಲು, ಆಮೇಲಿನ ಎರಡು ಹುಡುಗಿಯ ಥರದ್ದು ಹಿಡಿಯಲು. ರೂಪಣಾತ್ಮಕ ಪ್ರಶ್ನೆ ಅಂದರೆ ಹೀಗೆ. ಸರಿಯುತ್ತರ ಎಷ್ಟು ಅನ್ನುವುದಕ್ಕಿಂತ, ತಪ್ಪುತ್ತರ ಯಾವುದು ಅನ್ನುವುದೇ ಅಲ್ಲಿ ಜಾಸ್ತಿ ಹೇಳುತ್ತದೆ.

ಎಲ್ಲ ಜೋಡಿಯೂ 0.75 ಮತ್ತು 0.5 ಥರದ್ದೇ ಇದ್ದಿದ್ದರೆ? ಹುಡುಗ 5ಕ್ಕೆ 5 ತೆಗೆಯುತ್ತಿದ್ದ. ತಪ್ಪು ನಿಯಮ ಹಿಡಿದುಕೊಂಡೇ ಪೂರ್ತಿ ಮಾರ್ಕ್ಸ್. ಮನೆಯಲ್ಲಿ ಖುಷಿ, ನನಗೂ ಖುಷಿ, 7ನೇ ತರಗತಿಯಲ್ಲಿ ದಶಮಾಂಶದ ಗುಣಾಕಾರ ಬಂದಾಗ ಎಲ್ಲರಿಗೂ ಆಶ್ಚರ್ಯ.

ಹುಡುಗನ ತಪ್ಪು ಎಲ್ಲಿಂದ ಬಂತು

ನೋಟ್‌ಬುಕ್ ನೋಡಿ ಇಷ್ಟು ಊಹಿಸಬಹುದು. ಖಚಿತವಾಗಬೇಕಾದರೆ ಕೇಳಬೇಕು. ಊಟದ ಬಿಡುವಿನಲ್ಲಿ ಹುಡುಗನನ್ನು ಕರೆದು, "2.35 ಹೇಗೆ ದೊಡ್ಡದು, ಹೇಳು ನೋಡೋಣ" ಅಂದೆ. ಅವನು ಒಂದು ಚೂರೂ ತಡವರಿಸಲಿಲ್ಲ. "ಎರಡು ಎಕರೆ ಮೂವತ್ತೈದು ಗುಂಟೆ ಜಾಸ್ತಿ ಅಲ್ವಾ ಮಿಸ್, ಎರಡು ಎಕರೆ ಎಂಟು ಗುಂಟೆಗಿಂತ?"

ನಾನು ಸುಮ್ಮನಾಗಿಬಿಟ್ಟೆ. ಜಮೀನಿನ ಲೆಕ್ಕದಲ್ಲಿ ಅವನು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಎಕರೆ, ಗುಂಟೆ ನಡುವೆ ಚುಕ್ಕೆ ಇಟ್ಟು ಬರೆಯುವುದು ರೂಢಿ. ಮನೆಯಲ್ಲಿ ಅಪ್ಪ, ದೊಡ್ಡಪ್ಪ ಮಾತಾಡುವುದನ್ನು ಕೇಳಿ ಬೆಳೆದ ಹುಡುಗ. ಆದರೆ ಆ ಚುಕ್ಕೆ ದಶಮಾಂಶದ ಚುಕ್ಕೆ ಅಲ್ಲ. ಎಕರೆಗೆ 40 ಗುಂಟೆ. ಹಾಗಾಗಿ 2.20 ಅಂತ ಬರೆದ ಜಮೀನು ಎರಡೂವರೆ ಎಕರೆ, ಅಂದರೆ ಗಣಿತದಲ್ಲಿ 2.5. ಅಲ್ಲಿ ಚುಕ್ಕೆ ಎರಡು ಬೇರೆ ಬೇರೆ ಅಳತೆಗಳ ನಡುವಿನ ಬೇಲಿ, ಅಷ್ಟೇ.

ಇಂಥ ಚುಕ್ಕೆಗಳು ಇನ್ನೂ ಇವೆ. ಕ್ರಿಕೆಟ್‌ನಲ್ಲಿ 4.3 ಓವರ್ ಅಂದರೆ 4 ಓವರ್ 3 ಎಸೆತ, ಓವರ್‌ಗೆ 6 ಎಸೆತ ಆದ್ದರಿಂದ ನಿಜಕ್ಕೂ ನಾಲ್ಕೂವರೆ ಓವರ್. 4.5 ಆದ ಮೇಲೆ ಮುಂದಿನ ಎಸೆತಕ್ಕೆ 5 ಆಗುತ್ತದೆ, 4.6 ಇಲ್ಲವೇ ಇಲ್ಲ. ಮಗು ದಿನಾ ನೋಡುವ ಚುಕ್ಕೆಗಳು ಒಂದು ಥರ ನಡೆದುಕೊಳ್ಳುತ್ತವೆ, ನನ್ನ ಬೋರ್ಡಿನ ಮೇಲಿನ ಚುಕ್ಕೆ ಇನ್ನೊಂದು ಥರ. ಅದನ್ನು ನಾನು ಪಾಠದ ಶುರುವಿನಲ್ಲೇ ಹೇಳಬೇಕಿತ್ತು. ಹೇಳಿರಲಿಲ್ಲ. ಹಾಗಾಗಿ ಆ ಎರಡು ತಪ್ಪಿನಲ್ಲಿ ನನ್ನದೂ ಪಾಲಿದೆ.

ಆಮೇಲೆ ಮಾಡಿದ್ದೇನು

ಇಬ್ಬರಿಗೂ ಒಂದೇ ಮದ್ದು ಕೊಟ್ಟರೆ ಕೆಲಸ ಆಗುವುದಿಲ್ಲ. ಹುಡುಗಿಗೆ "ಅಂಕಿ ಜಾಸ್ತಿ ಇದ್ದ ಮಾತ್ರಕ್ಕೆ ದೊಡ್ಡದಲ್ಲ" ಅಂತ ಒತ್ತಿ ಹೇಳಿದರೆ ಅವಳ ತಪ್ಪು ಇನ್ನೂ ಗಟ್ಟಿಯಾಗುತ್ತದೆ. ಹುಡುಗನಿಗೆ ಬೇಕಾದದ್ದು ಅದೇ ಮಾತು.

ಹುಡುಗನಿಗೆ 10 ಸಾಲು, 10 ಕಂಬದ ಚೌಕಳಿ ಹಾಳೆ ಕೊಟ್ಟೆ. ಒಟ್ಟು 100 ಮನೆ, ಇಡೀ ಹಾಳೆ ಅಂದರೆ 1. ದಶಾಂಶ ಅಂದರೆ ಒಂದು ಪೂರಾ ಸಾಲು, ಶತಾಂಶ ಅಂದರೆ ಒಂದು ಮನೆ. 0.6ಕ್ಕೆ ಬಣ್ಣ ಹಚ್ಚು ಅಂದೆ. ಮೊದಲು 6 ಮನೆಗೆ ಹಚ್ಚಿದ. "ಅದು ಶತಾಂಶ ಆಯ್ತಲ್ಲ" ಅಂದಾಗ ನಿಂತು ನೋಡಿ, 6 ಸಾಲು ಹಚ್ಚಿದ. 60 ಮನೆ. ಪಕ್ಕದ ಹಾಳೆಯಲ್ಲಿ 0.45ಕ್ಕೆ ನಾಲ್ಕು ಸಾಲು, ಐದು ಮನೆ. ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ನಾನು ಏನೂ ಹೇಳಬೇಕಾಗಲಿಲ್ಲ. ಆಮೇಲೆ ಎಕರೆ, ಗುಂಟೆ ಬಗ್ಗೆ ಇಡೀ ಕ್ಲಾಸಿಗೇ ಒಂದು ಪಾಠ ಆಯಿತು.

ಹುಡುಗಿಗೆ ಸಹಾಯಕ್ಕೆ ಬಂದದ್ದು ಮಳೆ ಮಾಪಕ. ಅವಳ ತಾತ ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡುತ್ತಾರೆ. ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತೇವಲ್ಲ, 100 ಸೆಂಟಿಗೆ ಒಂದು ಇಂಚು. ಇದು ಗುಂಟೆಯ ಹಾಗಲ್ಲ, ನೂರರ ಲೆಕ್ಕ ಆದ್ದರಿಂದ ದಶಮಾಂಶಕ್ಕೆ ಸರಿಯಾಗಿ ಹೊಂದುತ್ತದೆ. "0.75 ಇಂಚು ಅಂದ್ರೆ ಎಷ್ಟು ಸೆಂಟು?" ಅಂದೆ. "75." "ಅರ್ಧ ಇಂಚು, 0.5 ಅಂದ್ರೆ?" "50." ಹೇಳಿ ಮುಗಿಸುವ ಮೊದಲೇ ತನ್ನ ನೋಟ್‌ಬುಕ್ ಎಳೆದುಕೊಂಡು ಮೂರನೇ ಜೋಡಿ ತಿದ್ದಿದಳು. ಇದರಲ್ಲೂ ಒಂದು ಗುಂಡಿ ಇದೆ. 1 ಇಂಚು 5 ಸೆಂಟು ಅಂದರೆ 1.05, 1.5 ಅಲ್ಲ. ಅಲ್ಲಿ ಅವಳು ಒಮ್ಮೆ ಎಡವಿದಳು. ಆ ಸೊನ್ನೆ ಯಾಕೆ ಬೇಕು ಅಂತ ಅವಳಿಗೆ ಗೊತ್ತಾದದ್ದೂ ಹಾಗೆ ಎಡವಿದ್ದರಿಂದಲೇ.

ನಿಮ್ಮಲ್ಲಿ ಕೆಲವರು ಇದಕ್ಕೆಲ್ಲ ಇಷ್ಟು ಸುತ್ತು ಯಾಕೆ ಅನ್ನಬಹುದು. "ಕೊನೆಗೆ ಸೊನ್ನೆ ಸೇರಿಸಿ ಅಂಕಿ ಸಮ ಮಾಡಿ ಹೋಲಿಸು" ಅಂದರೆ ಆಯಿತಲ್ಲ? 0.6 ಅನ್ನು 0.60 ಮಾಡಿ 0.45ರ ಜೊತೆ ಇಟ್ಟರೆ ಉತ್ತರ ಬಂತು. ಹೌದು, ಬರುತ್ತದೆ. ನಾನೂ ಮೊದಲ ಕೆಲವು ವರ್ಷ ಹಾಗೇ ಹೇಳಿಕೊಟ್ಟೆ. ತೊಂದರೆ ಏನೆಂದರೆ, ಉತ್ತರ ಸರಿ ಬರುತ್ತದೆ, ಒಳಗಿನ ತಪ್ಪು ಹಾಗೇ ಉಳಿಯುತ್ತದೆ. ಹಾಗೆ ಕಲಿತ ಮಗುವನ್ನು "0.3 ಮತ್ತು 0.4ರ ನಡುವೆ ಯಾವುದಾದರೂ ಸಂಖ್ಯೆ ಇದೆಯಾ?" ಅಂತ ಕೇಳಿ. "ಇಲ್ಲ, 3 ಆದ ಮೇಲೆ 4 ಬರುತ್ತೆ" ಅಂದರೆ ಅದಕ್ಕೆ ಸೊನ್ನೆ ಸೇರಿಸುವುದು ಗೊತ್ತು, ದಶಮಾಂಶ ಗೊತ್ತಿಲ್ಲ. 0.35 ಅಂತಲೋ 0.31 ಅಂತಲೋ ಹೇಳಿದರೆ ನಂಬಬಹುದು.

ಎರಡು ವಾರ ಬಿಟ್ಟು ಮತ್ತೆ ಮೂರು ಜೋಡಿ ಕೊಟ್ಟೆ: 5.07 ಮತ್ತು 5.3, 0.1 ಮತ್ತು 0.09, 6.4 ಮತ್ತು 6.40. ಹುಡುಗಿ ಮೂರೂ ಸರಿ ಮಾಡಿದಳು, ಕೊನೆಯದಕ್ಕೆ "ಎರಡೂ ಒಂದೇ" ಅಂತ ಬರೆದಳು. ಹುಡುಗ ಎರಡನೆಯದರಲ್ಲಿ 0.09ಕ್ಕೆ ಸುತ್ತು ಹಾಕಿದ್ದ. ಹಳೆಯ ನಿಯಮ ಪೂರ್ತಿ ಹೋಗಿಲ್ಲ, ಸೊನ್ನೆ ಬಂದಾಗ ಮತ್ತೆ ತಲೆ ಎತ್ತುತ್ತದೆ. ಅವನ ಜೊತೆ ಇನ್ನೂ ಕೆಲಸ ಇದೆ. ಹೀಗೆ ನೋಡುವುದು, ಏನೋ ಮಾಡುವುದು, ಮತ್ತೆ ನೋಡುವುದು, ಈ ಮೂರೂ ಸೇರಿದರೇ ಅದು ರೂಪಣಾತ್ಮಕ ಮೌಲ್ಯಮಾಪನ. ಬರೀ ಮೊದಲನೆಯದು ಮಾಡಿ ಬಿಟ್ಟರೆ ಅಲ್ಲ.

ನೋಟ್‌ಬುಕ್‌ನಲ್ಲಿ ಮಾರ್ಕ್ಸ್ ಯಾಕಿಲ್ಲ

ಆ ತಾಯಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಆ ಐದು ಜೋಡಿಗಳ ಕೆಳಗೆ ನಾನು ಬರೆದದ್ದು ಒಂದೇ ಸಾಲು: "0.75ರಲ್ಲಿ ಎಷ್ಟು ಶತಾಂಶ ಇವೆ? 0.5ರಲ್ಲಿ ಎಷ್ಟು? ಎಣಿಸಿ ಬರೆ." ಪಕ್ಕದಲ್ಲಿ 3/5 ಅಂತ ಹಾಕಿದ್ದರೆ ಏನಾಗುತ್ತಿತ್ತು? ಮಗು ಮೊದಲು ಆ 3 ನೋಡುತ್ತದೆ, ಆಮೇಲೆ ಪಕ್ಕದವರ ಪುಸ್ತಕ ನೋಡುತ್ತದೆ, ಆಮೇಲೆ ಪುಸ್ತಕ ಮುಚ್ಚುತ್ತದೆ. ನನ್ನ ಸಾಲು ಯಾರೂ ಓದುವುದಿಲ್ಲ.

ಇದು ನನ್ನ ಅನುಭವ ಮಾತ್ರ ಅಲ್ಲ. ರೂತ್ ಬಟ್ಲರ್ ಅನ್ನುವವರು ಇಸ್ರೇಲ್‌ನ ಶಾಲಾ ಮಕ್ಕಳ ಜೊತೆ ಇದನ್ನೇ ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದರು. ಕೆಲವು ಮಕ್ಕಳಿಗೆ ಬರೀ ಮಾರ್ಕ್ಸ್, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಬರೀ ಟಿಪ್ಪಣಿ ಸಿಕ್ಕಿದ ಮಕ್ಕಳು. ಎರಡೂ ಸಿಕ್ಕಿದವರು ಬರೀ ಮಾರ್ಕ್ಸ್ ಸಿಕ್ಕಿದವರ ಹಾಗೇ ಉಳಿದರು. ಮಾರ್ಕ್ಸ್ ಪಕ್ಕದಲ್ಲಿದ್ದರೆ ಟಿಪ್ಪಣಿಯ ಉಪಯೋಗ ಹೋಗಿಬಿಡುತ್ತದೆ ಅಂತ ಆಯಿತು. ಒಂದು ಅಧ್ಯಯನದಿಂದ ಎಲ್ಲ ತೀರ್ಮಾನ ಆಗುವುದಿಲ್ಲ. ಆದರೂ ಕ್ಲಾಸಿನಲ್ಲಿ ನಾನು ಕಂಡದ್ದಕ್ಕೆ ಅದು ಸರಿಯಾಗಿ ಹೊಂದುತ್ತದೆ.

ಹಾಗಾದರೆ ಎಸ್‌ಎ ಯಾಕೆ ಬೇಕು

ಇಷ್ಟೆಲ್ಲ ಓದಿದ ಮೇಲೆ ಎಸ್‌ಎ ಬೇಡವೇ ಬೇಡ ಅನ್ನಿಸಬಹುದು. ಹಾಗಲ್ಲ. ಅದರ ಕೆಲಸ ಬೇರೆ.

ಎಸ್‌ಎ ಬರುವುದು ವರ್ಷಕ್ಕೆ ಎರಡು ಸಲ, ಅರ್ಧ ವರ್ಷ ಮುಗಿದಾಗ ಒಂದು, ವರ್ಷದ ಕೊನೆಗೆ ಒಂದು. ಅಲ್ಲಿ ಎಲ್ಲರಿಗೂ ಒಂದೇ ಪತ್ರಿಕೆ, ಒಂದೇ ಸಮಯ. ನಾನು ಪಕ್ಕದಲ್ಲಿ ನಿಂತು "ಅದು ಶತಾಂಶ ಆಯ್ತಲ್ಲ" ಅನ್ನುವ ಹಾಗಿಲ್ಲ. ಎಷ್ಟೋ ಪಾಠಗಳು ಒಟ್ಟಿಗೆ ಬರುತ್ತವೆ, ಯಾವ ಲೆಕ್ಕಕ್ಕೆ ಯಾವ ದಾರಿ ಅಂತ ಮಗುವೇ ಆರಿಸಿಕೊಳ್ಳಬೇಕು. ದಶಮಾಂಶದ ಪಾಠ ನಡೆಯುತ್ತಿರುವಾಗ ದಶಮಾಂಶದ ಲೆಕ್ಕ ಮಾಡುವುದು ಸುಲಭ. ಎರಡು ತಿಂಗಳ ನಂತರ, ಯಾರ ಸಹಾಯವೂ ಇಲ್ಲದೆ ಅದು ನೆನಪಿನಲ್ಲಿದೆಯಾ ಅಂತ ತಿಳಿಯುವುದು ಎಸ್‌ಎಯಲ್ಲೇ. ಬೇರೆ ಶಾಲೆಗೆ ಸೇರುವಾಗಲೂ ಈ ಬಗೆಯ ದಾಖಲೆ ಬೇಕಾಗುತ್ತದೆ. ನನ್ನ ಬಗ್ಗೆಯೂ ಅದು ಹೇಳುತ್ತದೆ. ಒಂದೇ ಪ್ರಶ್ನೆಯನ್ನು ಮುಕ್ಕಾಲು ಕ್ಲಾಸು ತಪ್ಪು ಮಾಡಿದರೆ ಅದಕ್ಕೆ ಮಕ್ಕಳನ್ನು ಬೈದು ಪ್ರಯೋಜನ ಇಲ್ಲ.

ಎಸ್‌ಎಗೆ ಆಗದ ಕೆಲಸ ಒಂದಿದೆ. ಆ ಪತ್ರಿಕೆಯಲ್ಲಿ ದಶಮಾಂಶಕ್ಕೆ ಒಂದೋ ಎರಡೋ ಪ್ರಶ್ನೆ ಇರಬಹುದು. ಅಲ್ಲಿ "7.46 ಮತ್ತು 7.2, ಯಾವುದು ದೊಡ್ಡದು?" ಅಂತ ಬಂದರೆ ನಮ್ಮ ಕಿಟಕಿ ಪಕ್ಕದ ಹುಡುಗ ಹಳೆಯ ನಿಯಮದಲ್ಲೇ ಸರಿಯುತ್ತರ ಬರೆದು ಬರುತ್ತಾನೆ. 7.2 ಮತ್ತು 7.15 ಅಂತ ಬಂದರೆ ತಪ್ಪುತ್ತಾನೆ. ಎರಡು ಸಲವೂ ಹುಡುಗ ಅವನೇ, ಅವನಿಗೆ ಗೊತ್ತಿರುವುದೂ ಅಷ್ಟೇ. ಆದ್ದರಿಂದ ಎಸ್‌ಎಯಲ್ಲಿ ಒಂದೆರಡು ಮಾರ್ಕ್ಸ್ ಹೆಚ್ಚುಕಡಿಮೆ ಆದದ್ದನ್ನು ಹಿಡಿದು ಮಗು ಮುಂದೆ ಹೋಯಿತು, ಹಿಂದೆ ಬಂತು ಅಂತ ಹೇಳಲಾಗದು.

ಎಫ್‌ಎಗೂ ಮಾರ್ಕ್ಸ್ ಇದೆಯಲ್ಲ?

ಇದೆ. ಇಲ್ಲೇ ಎಲ್ಲರಿಗೂ ಗೊಂದಲ ಆಗುವುದು. ನಮ್ಮ ಪದ್ಧತಿಯಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ, ತಲಾ 15. ಎರಡು ಎಸ್‌ಎ, ತಲಾ 20. ನಾಲ್ಕು ಹದಿನೈದು 60, ಎರಡು ಇಪ್ಪತ್ತು 40, ಒಟ್ಟು 100. ಅದರ ಮೇಲೆ ಗ್ರೇಡ್: 90ರಿಂದ ಮೇಲೆ ಎ+, 70ರಿಂದ ಎ, 50ರಿಂದ ಬಿ+, 30ರಿಂದ ಬಿ, ಅದಕ್ಕೂ ಕೆಳಗೆ ಸಿ.

ಎಫ್‌ಎಗೆ ಚಟುವಟಿಕೆ ಮತ್ತು ಸಣ್ಣ ಪರೀಕ್ಷೆ ಎರಡೂ ಸೇರುತ್ತವೆ. ಅದರ ಹೆಸರು ರೂಪಣಾತ್ಮಕ, ಆದರೆ ಮಾರ್ಕ್ಸ್ ದಾಖಲೆಗೆ ಹೋದ ತಕ್ಷಣ ಅದಕ್ಕೆ ಅರ್ಧ ಸಂಕಲನದ ಬಣ್ಣ ಬಂದುಬಿಡುತ್ತದೆ. ಎಫ್‌ಎ-3ರಲ್ಲಿ 15ಕ್ಕೆ 9 ತೆಗೆದ ಮಗು ಒಂದು ತಿಂಗಳಲ್ಲಿ ಅದೇ ವಿಷಯವನ್ನು ಪೂರ್ತಿ ಕಲಿತುಬಿಡಬಹುದು. ಆ 9 ಅಲ್ಲೇ ಇರುತ್ತದೆ. ಹಾಗಾಗಿ ಪ್ರಗತಿ ಪತ್ರದ ಎಫ್‌ಎ ಅಂಕವನ್ನು ಇವತ್ತಿನ ಸ್ಥಿತಿ ಅಂತ ಓದಬೇಡಿ. ಆ ದಿನ ಎಲ್ಲಿದ್ದರು ಅನ್ನುವುದರ ಗುರುತು ಅದು. ನಿಜವಾದ ರೂಪಣಾತ್ಮಕ ಕೆಲಸ ನಡೆಯುವುದು ಆ ನಾಲ್ಕು ಎಫ್‌ಎಗಳ ನಡುವೆ, ಆ ಐದು ಜೋಡಿಗಳ ಥರ, ಎಲ್ಲೂ ದಾಖಲಾಗದ ಕಡೆ. ಆ ತಾಯಿಗೂ ಇದೇ ಉತ್ತರ: ಆ ಹಾಳೆ ಎಫ್‌ಎಯ 15ಕ್ಕೂ ಸೇರುವುದಿಲ್ಲ, ಎಸ್‌ಎಯ 20ಕ್ಕೂ ಸೇರುವುದಿಲ್ಲ.

ಚಟುವಟಿಕೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಎಫ್‌ಎ-3ಕ್ಕೆ ಬಂದ ಚಾರ್ಟ್‌ಗಳಲ್ಲಿ ಕೆಲವು ಅಂಗಡಿಯಿಂದ ಬಂದವು, ಕೆಲವು ಅಕ್ಕ ಅಥವಾ ಅಮ್ಮನ ಅಕ್ಷರದಲ್ಲಿದ್ದವು. ತುಂಬಾ ಚೆನ್ನಾಗಿದ್ದವು. ಆದರೆ ಅದನ್ನು ನೋಡಿ ಮಗುವಿಗೆ ಏನು ಗೊತ್ತಿಲ್ಲ ಅಂತ ನನಗೆ ತಿಳಿಯುವುದಿಲ್ಲ. ಮೂಲೆಯ ಹಸಿ ಕಾಫಿಯ ಮೇಲೆ ಒಣಗಿದ್ದನ್ನು ಹರಡಿಟ್ಟ ಹಾಗೆ. ಸೊಟ್ಟ ಗೆರೆ, ತಪ್ಪು ಲೆಕ್ಕ ಇದ್ದರೂ ಮಗುವೇ ಮಾಡಿದ್ದನ್ನು ಕಳಿಸಿ.

ದೊಡ್ಡ ಮಕ್ಕಳು ಇರುವವರಿಗೆ ಒಂದು ಸಾಲು. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ವಿಷಯಗಳಿಗೆ ಬರವಣಿಗೆ 80, ಶಾಲೆಯ ಆಂತರಿಕ ಅಂಕ 20. ಅಲ್ಲಿ ತೂಕ ತಿರುಗಿ ಅಂತಿಮ ಪರೀಕ್ಷೆಯ ಕಡೆ ವಾಲುತ್ತದೆ.

ನೋಟ್‌ಬುಕ್ ಮನೆಗೆ ಬಂದಾಗ

ತಪ್ಪಾದ ಲೆಕ್ಕವನ್ನು ನೀವು ತಿದ್ದಬೇಕಾಗಿಲ್ಲ. "ಇದು ಹೇಗೆ ಮಾಡಿದೆ, ನನಗೂ ಹೇಳು" ಅಂತ ಕೇಳಿ, ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಪುಟದ ಅಂಚಿನಲ್ಲಿ ಬರೆದು ಕಳಿಸಿದರೆ ನನಗೆ ಅದು ದೊಡ್ಡ ಉಪಕಾರ. ಎಕರೆ, ಗುಂಟೆ ವಿಷಯ ಮನೆಯಲ್ಲೇ ಯಾರಾದರೂ ಬರೆದು ಕಳಿಸಿದ್ದರೆ ನಾನು ಎರಡು ದಿನ ಮೊದಲೇ ತಿಳಿದುಕೊಳ್ಳುತ್ತಿದ್ದೆ. ಸರಿಯಾದ ಲೆಕ್ಕವನ್ನೂ ಆಗಾಗ ಹೀಗೇ ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ ಪ್ರಶ್ನೆ ಕೇಳಿದ ಕೂಡಲೇ ಮಗು ಉತ್ತರ ಅಳಿಸಲು ಶುರು ಮಾಡುತ್ತದೆ. ಕ್ಲಾಸಿನಲ್ಲಿ ನಾನು ದಿನಾ ನೋಡುವುದು ಅದನ್ನೇ.

ಬರುವ ಸೋಮವಾರ ಪ್ರತಿಯೊಬ್ಬರೂ ಮನೆಯಿಂದ ಒಂದು ಡೇರಿ ಚೀಟಿ ತರಬೇಕು. ಹಾಲು ಹಾಕದವರು ಪಕ್ಕದ ಮನೆಯಿಂದ ಕೇಳಿ ತರಲಿ, ಹಳೆಯದಾದರೂ ಆಗುತ್ತದೆ. ಅದರಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಎಲ್ಲ ದಶಮಾಂಶದಲ್ಲಿ ಇರುತ್ತವೆ. ಫ್ಯಾಟ್ 4.1 ಇದ್ದದ್ದು ಜಾಸ್ತಿಯೋ, 3.95 ಇದ್ದದ್ದೋ ಅಂತ ಚೀಟಿಗಳನ್ನು ಸಾಲಾಗಿ ಜೋಡಿಸುವುದು ಅವತ್ತಿನ ಕೆಲಸ. ಕಿಟಕಿ ಪಕ್ಕದ ಹುಡುಗನ ಕೈಯಲ್ಲೇ ಅದನ್ನು ಮಾಡಿಸಬೇಕು ಅಂದುಕೊಂಡಿದ್ದೇನೆ. ಇದಕ್ಕೂ ಮಾರ್ಕ್ಸ್ ಇಲ್ಲ.

ಇಂತಿ,
ನಿಮ್ಮ ಮಕ್ಕಳ ಗಣಿತ ಟೀಚರ್